ಒಗ್ಗರಣೆಯ ಸದ್ದು ಮುಚ್ಚದ ಹಾಡುಗಳು

ಭಾನುವಾರ ಹತ್ತು ಹನ್ನೆರಡು ಮಂದಿಗೆ ಬಿಸಿಬೇಳೆಬಾತ್, ಕೋಸಂಬರಿ, ಪಾಯಸ ಆಗಬೇಕೆಂದರೆ ಎರಡು ಗಂಟೆಯಾದರೂ ಬೇಕು. ಹಾಡೊಂದು ನಾಲ್ಕು ನಿಮಿಷವೆಂದರೆ ಮೂವತ್ತು ಹಾಡು ಹಿಡಿಯುತ್ತವೆ. ಈ ಕೆಲಸಕ್ಕೆ ರಾಜನ್-ನಾಗೇಂದ್ರ ಜೋಡಿಯ ಎಪ್ಪತ್ತರ ದಶಕದ ಚಿತ್ರಗೀತೆಗಳಷ್ಟು ಹೊಂದುವಂಥವು ಕಡಿಮೆ. ‘ಎರಡು ಕನಸು’ (1974), ‘ಬಯಲು ದಾರಿ’ (1976) ಚಿತ್ರಗಳ ಯುಗಳಗೀತೆಗಳಲ್ಲಿ ರಾಗವೇ ಮುಂದು, ತಾಳ ಹಿಂದು. ತರಕಾರಿ ಹೆಚ್ಚುವ ಕೈಗೆ ಲಯ ಸಿಗುತ್ತದೆ, ಆದರೆ ಅವಸರ ಹುಟ್ಟುವುದಿಲ್ಲ.

ಇಡೀ ಚಿತ್ರದ ಹಾಡುಗಳನ್ನು ಸಾಲಾಗಿ ಹಾಕಿದರೆ ಮಾತ್ರ ಎಡವಟ್ಟು. ‘ಎರಡು ಕನಸು’ವಿನಲ್ಲೇ ರಾಘವೇಂದ್ರ ತೀರ್ಥರ ಆರ್ತ ಕೃತಿಯೂ ಇದೆ, ಸೊಗಸಾದದ್ದೇ, ಹಪ್ಪಳ ಕರಿಯುವ ಹೊತ್ತಿಗಲ್ಲ. ಹಾಗಾಗಿ ಒಂದೊಂದಾಗಿ ಆರಿಸುವುದೇ ಸರಿ.

ದನಿ ಎಷ್ಟಿರಬೇಕೆಂಬುದಕ್ಕೆ ಸಾಸಿವೆಯೇ ಅಳತೆ. ಅದು ಚಟಪಟ ಸಿಡಿಯುವುದು ಕೇಳಿಸದಿದ್ದರೆ ಹಾಡು ಜೋರಾಯಿತೆಂದೇ ಅರ್ಥ. ಕುಕ್ಕರ್ ಕೂಗಿನ ಲೆಕ್ಕವೂ ತಪ್ಪೀತು. ಮಿಕ್ಸಿ ತಿರುಗುವಾಗ ದನಿ ಏರಿಸುವ ಬದಲು ಹಾಡನ್ನೇ ನಿಲ್ಲಿಸುವುದು ಲೇಸು. ಫೋನನ್ನು ಒಲೆಯಿಂದ ದೂರ, ಅಡುಗೆಮನೆಯ ಬಾಗಿಲ ಬಳಿ ಇಟ್ಟರೆ ಊಟದ ಕೋಣೆಯಲ್ಲಿ ಹುರುಳಿಕಾಯಿ ಬಿಡಿಸುವವರಿಗೂ ಹಾಡು ಕೇಳಿಸುತ್ತದೆ.