ಅಕ್ಕಿ ಬಂತು, ಬೇಳೆ ಎಲ್ಲಿ?: ಜಾತ್ರೆ ಊಟದ ಒಂದು ಪತ್ರದ ಲೆಕ್ಕ

ಹರಿಹರದ ಮಗ್ಗುಲಲ್ಲೇ ಇರೋ ಗುತ್ತೂರು ನಮ್ಮೂರು. ಭತ್ತದ ಸೀಮೆ. ಹಾಗಾಗಿ ಗುಡಿ ಜಾತ್ರೆಯ ಊಟಕ್ಕೆ ಏನು ಕೊಡ್ತೀರಿ ಅಂತ ಯಾರನ್ನ ಕೇಳಿದ್ರೂ ಮೊದಲು ಬಾಯಿಗೆ ಬರೋದು "ಒಂದು ಚೀಲ ಅಕ್ಕಿ ಬರಕೊಳ್ರಿ" ಅನ್ನೋ ಮಾತು. ಹೋದ ವರ್ಷ ಹಿಂಗೇ 11 ಚೀಲ ಅಕ್ಕಿ ಬಂತು. ತೊಗರಿಬೇಳೆ ಬಂದಿದ್ದು 15 ಕೆ.ಜಿ. ಮಾತ್ರ. ಮೊದಲ ಪಂಕ್ತಿಗೆ ಸಾಂಬಾರು ಗಟ್ಟಿಯಾಗಿತ್ತು. ಮೂರನೇ ಪಂಕ್ತಿಗೆ ನೀರು ಬೆರೆಸಿದ್ರು. ಕೊನೇ ಪಂಕ್ತಿಗೆ ಬರೀ ಖಾರದ ನೀರು. ಆ ಪಂಕ್ತಿಯಲ್ಲಿ ಕೂತವರು ಯಾರು ಗೊತ್ತಾ? ಬೆಳಗಿನಿಂದ ತರಕಾರಿ ಹೆಚ್ಚಿದ ಹೆಣ್ಣುಮಕ್ಕಳು, ಬಡಿಸಿದ ಹುಡುಗರು, ಪಾತ್ರೆ ತೊಳೆದವರು.

ಈ ವರ್ಷ ಊಟದ ಉಸ್ತುವಾರಿ ನಮ್ಮ ಚಿಕ್ಕಪ್ಪನ ಪಾಲಿಗೆ ಬಂತು. "ಪತ್ರ ಟೈಪ್ ಮಾಡಿ ಕೊಡಪ್ಪ, ವಾಟ್ಸಾಪ್‌ನಾಗೆ ಬಿಡೋಣ" ಅಂದ್ರು. ಹಳೇ ಪತ್ರ ತೆಗೆದು ನೋಡಿದೆ. "ಭಕ್ತಾದಿಗಳು ತನು-ಮನ-ಧನದಿಂದ ಸಹಕರಿಸಬೇಕು" ಅಂತಿತ್ತು, ಅಷ್ಟೇ. ಏನು ಬೇಕು, ಎಷ್ಟು ಬೇಕು ಅನ್ನೋದೇ ಇರಲಿಲ್ಲ. ತಪ್ಪು ದಾನಿಗಳದ್ದಲ್ಲ, ಪತ್ರದ್ದು.

ಮೊದಲು ತಲೆ ಲೆಕ್ಕ

ಎಷ್ಟು ಜನ ಬರ್ತಾರೆ ಅಂತ ಕೇಳಿದ್ರೆ ಒಬ್ಬರು 800 ಅಂತಾರೆ, ಇನ್ನೊಬ್ಬರು 2,000 ಅಂತಾರೆ. ನಂಬಬಹುದಾದ ಲೆಕ್ಕ ಒಂದೇ: ಹೋದ ವರ್ಷ ಖರ್ಚಾದ ತಟ್ಟೆ. ಅಂಗಡಿಯಿಂದ ತಂದ ಹಾಳೆ ತಟ್ಟೆಯ ಕಟ್ಟುಗಳಲ್ಲಿ ವಾಪಸ್ ಕೊಟ್ಟದ್ದನ್ನ ಕಳೆದ್ರೆ 1,200 ಬಂತು. ಅದರಲ್ಲಿ ಸುಮಾರು 300 ಮಕ್ಕಳು. ಮಗುವಿಗೆ ಅರ್ಧ ಊಟ ಅಂತ ಹಿಡಿದ್ರೆ 900 ಮತ್ತು 150, ಒಟ್ಟು 1,050. ಸ್ವಲ್ಪ ಕೈಕಾಪು ಇಟ್ಟು 1,100 ಊಟ ಅಂತ ಮಾಡಿದ್ವಿ.

ಇನ್ನು ಒಬ್ಬರಿಗೆ ಎಷ್ಟು? ಅಡುಗೆಯವರು ಹೇಳಿದ ಅಳತೆ ಹೀಗಿತ್ತು. ಸಿಹಿ, ಪಲ್ಯ ಇದ್ದಾಗ ಹಸಿ ಅಕ್ಕಿ 110 ಗ್ರಾಂ ಸಾಕು. ಬೆಂದ ಮೇಲೆ ಅದು ಎರಡೂವರೆ ಪಟ್ಟಿಗಿಂತ ಜಾಸ್ತಿ ಆಗ್ತದೆ, ಅಂದ್ರೆ ತಲೆಗೆ ಹತ್ತಿರ ಹತ್ತಿರ 300 ಗ್ರಾಂ ಅನ್ನ. ಸಾಂಬಾರಿಗೆ ಬೇಳೆ 25 ಗ್ರಾಂ. ತರಕಾರಿ ಸಾಂಬಾರಿಗೆ 50, ಪಲ್ಯಕ್ಕೆ 70 ಗ್ರಾಂ. ನಮ್ಮ ಕಡೆಯ ಗೋಧಿ ಹುಗ್ಗಿಗೆ ಕುಟ್ಟಿದ ಗೋಧಿ 35 ಗ್ರಾಂ, ಬೆಲ್ಲ ಅದಕ್ಕಿಂತ ತುಸು ಜಾಸ್ತಿ.

ಈ ಅಳತೆ ಹಿಡಿದು ಹೋದ ವರ್ಷದ 15 ಕೆ.ಜಿ. ಬೇಳೆ ನೋಡಿ: ಅದು 600 ಜನಕ್ಕೆ ಮಾತ್ರ. ಅರ್ಧ ಊರು ಉಂಡ ಮೇಲೆ ಬೇಳೆ ಮುಗಿದಿತ್ತು. ಆದ್ರೆ ಕೊಪ್ಪರಿಗೆ ತುಂಬಿಯೇ ಇತ್ತಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

ಪತ್ರ ಹೀಗೆ ಬರೆದ್ವಿ

"ಎಲ್ಲಾ ಭಕ್ತರಿಗೆ ಶರಣು. ಜಾತ್ರೆಯ ದಿನ 1,100 ಜನರ ಊಟಕ್ಕೆ ಬೇಕಾದ ಸಾಮಾನು ಈ ಕೆಳಗಿದೆ. ನಿಮಗೆ ಅನುಕೂಲವಾದ ಪಾಲು ಹೇಳಿ. ಒಂದು ಸಾಮಾನಿನ ಪಾಲು ಮುಗಿದರೆ ದಯವಿಟ್ಟು ಬೇರೆಯದನ್ನು ಆರಿಸಿಕೊಳ್ಳಿ.

ಅಕ್ಕಿ: 125 ಕೆ.ಜಿ., 25 ಕೆ.ಜಿ.ಯ 5 ಪಾಲು. ಹಳೇ ಸೋನಾ ಮಸೂರಿ ಮಾತ್ರ.
ತೊಗರಿಬೇಳೆ: 30 ಕೆ.ಜಿ., 5 ಕೆ.ಜಿ.ಯ 6 ಪಾಲು.
ಕುಟ್ಟಿದ ಗೋಧಿ: 40 ಕೆ.ಜಿ., 5 ಕೆ.ಜಿ.ಯ 8 ಪಾಲು.
ಬೆಲ್ಲ: 45 ಕೆ.ಜಿ., 5 ಕೆ.ಜಿ.ಯ 9 ಪಾಲು.
ಒಣಕೊಬ್ಬರಿ 4 ಕೆ.ಜಿ., ತುಪ್ಪ 5 ಕೆ.ಜಿ.: 1 ಕೆ.ಜಿ.ಯ ಪಾಲು.
ತರಕಾರಿ: ಬದನೆಕಾಯಿ 75, ಸಿಹಿಗುಂಬಳ 35, ಟೊಮ್ಯಾಟೊ 20 ಕೆ.ಜಿ. ಇದಕ್ಕೆ ಹಣವಾಗಿ ಕೊಡಿ, ಹಿಂದಿನ ದಿನ ನಾವೇ ಕೊಳ್ಳುತ್ತೇವೆ.
ಎಣ್ಣೆ, ಉಪ್ಪು, ಖಾರ, ಹುಣಸೆ, ಗ್ಯಾಸ್, ತಟ್ಟೆ: ಸಮಿತಿಯ ಹಣದಿಂದ.

ದವಸವನ್ನು ಜಾತ್ರೆಗೆ ನಾಲ್ಕು ದಿನ ಮುಂಚೆ ಗುಡಿಗೆ ತಲುಪಿಸಿ. ಉಳಿದ ಸಾಮಾನು ಮುಂದಿನ ಅಮಾವಾಸ್ಯೆಯ ದಾಸೋಹಕ್ಕೆ."

ಇದರಲ್ಲಿ ಮೂರು ಸಾಲಿಗೆ ಕಾರಣ ಹೇಳಬೇಕು.

"ಹಳೇ ಸೋನಾ ಮಸೂರಿ ಮಾತ್ರ" ಅಂದಿದ್ದಕ್ಕೆ ಒಬ್ಬ ದೊಡ್ಡವರು ಮುನಿಸಿಕೊಂಡ್ರು, "ನಮ್ಮ ಹೊಲದ ಅಕ್ಕಿ ದೇವರಿಗೆ ಆಗಲ್ವಾ?" ಅಂತ. ವಿಷಯ ಅದಲ್ಲ. ಹೊಸ ಅಕ್ಕಿ ಕಡಿಮೆ ನೀರು ಕುಡಿದು ಬೇಗ ಮೆತ್ತಗಾಗ್ತದೆ, ಹಳೇ ಅಕ್ಕಿಗೆ ನೀರೂ ಹೊತ್ತೂ ಜಾಸ್ತಿ ಬೇಕು. ಎರಡನ್ನೂ ಒಂದೇ ಕೊಪ್ಪರಿಗೆಗೆ ಹಾಕಿದ್ರೆ ಅರ್ಧ ಗಂಜಿ, ಅರ್ಧ ಕಾಳು. ಅವರ ಅಕ್ಕಿಯನ್ನ ಬೇರೆ ಕೊಪ್ಪರಿಗೆಯಲ್ಲೇ ಬೇಯಿಸ್ತೀವಿ ಅಂದ ಮೇಲೆ ಸಮಾಧಾನ ಆಯ್ತು. ಇನ್ನೊಬ್ಬರು ಒಂದು ಕ್ವಿಂಟಲ್ ಭತ್ತ ಕೊಡ್ತೀನಿ ಅಂದ್ರು. ಗಿರಣಿಗೆ ಹಾಕಿದ್ರೆ ಅದು ಅಕ್ಕಿಯಾಗಿ ಬರೋದು ಸುಮಾರು 65 ಕೆ.ಜಿ. ಮಾತ್ರ, ಹಾಗಾಗಿ ಪಟ್ಟಿಯಲ್ಲಿ 65 ಅಂತಲೇ ಬರಕೊಳ್ಳಬೇಕು. ಚೀಲದ ತೂಕವನ್ನೂ ಓದಬೇಕು: 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಪ್ಯಾಕ್ ಅಕ್ಕಿಗೆ ಜಿಎಸ್‌ಟಿ ಬಂದ ಮೇಲೆ 26 ಕೆ.ಜಿ. ಚೀಲಗಳೂ ಬಂದಿವೆ.

ತರಕಾರಿಗೆ ಹಣ ಕೇಳಿದ್ದು ಅದು ಕಾಯೋದಿಲ್ಲ ಅಂತ. ಭಕ್ತಿಯಿಂದ ಮೂರು ದಿನ ಮುಂಚೆ ತಂದ ಟೊಮ್ಯಾಟೊ ಗೋಣಿಯಲ್ಲೇ ಬಸಿಯೋಕೆ ಶುರುವಾಗ್ತದೆ.

ಬೆಲ್ಲ, ಬೇಳೆಗೆ 5 ಕೆ.ಜಿ. ಪಾಲು ಮಾಡಿದ್ದು ಸಣ್ಣ ಸಂಬಳದವರಿಗೂ ಕೈಗೆ ಎಟುಕಲಿ ಅಂತ. ಒಂದು ಪಾಲನ್ನ ಇಬ್ಬರು ಗೆಳತಿಯರು ಸೇರಿ ಕೊಟ್ಟಿದ್ದೂ ಉಂಟು. ದಿನಾ ರಾತ್ರಿ ಅದೇ ಪತ್ರಕ್ಕೆ "ಬೇಳೆ 6ರಲ್ಲಿ 4 ಬಂತು, ಇನ್ನು 2 ಬೇಕು" ಅಂತ ಸೇರಿಸಿ ಮತ್ತೆ ಕಳಿಸ್ತಿದ್ದೆ. ಅಕ್ಕಿ ಎರಡೇ ದಿನಕ್ಕೆ ಭರ್ತಿ ಆಯ್ತು. ಅಕ್ಕಿ ಕೊಡೋಕೆ ಬಂದವರು ಆಮೇಲೆ ಬೇಳೆ, ಬೆಲ್ಲದ ಕಡೆ ತಿರುಗಿದ್ರು. ಭತ್ತದವರೂ ಕೊನೆಗೆ ಅದನ್ನ ಮಾರಿ ತುಪ್ಪ ಕೊಟ್ರು.

ಲೆಕ್ಕ ಕೈಕೊಡೋ ಜಾಗ

ಪತ್ರ ಸರಿ ಇದ್ರೂ ಒಲೆ ಮುಂದೆ ಎರಡು ಕಡೆ ಎಡವಬಹುದು. ಒಂದು ಹುಗ್ಗಿ. ರಾತ್ರಿ ನೆನೆಸಿದ ಗೋಧಿ ಬೆರಳಲ್ಲಿ ಒತ್ತಿದ್ರೆ ಪೂರ್ತಿ ನುಣ್ಣಗಾಗೋವರೆಗೂ ಬೆಲ್ಲ ಹಾಕಬಾರದು. ಬೆಲ್ಲ ಬಿದ್ದ ಮೇಲೆ ಕಾಳು ಮುಂದಕ್ಕೆ ಬೇಯೋದು ಕಷ್ಟ, ಹಲ್ಲಿಗೆ ಗಟ್ಟಿ ಸಿಗ್ತದೆ. ಆಗ 40 ಕೆ.ಜಿ. ಗೋಧಿಯೂ ತಟ್ಟೆಯಲ್ಲೇ ಉಳೀತದೆ.

ಇನ್ನೊಂದು ಅನ್ನ. ಐದೂ ಚೀಲ ಬೆಳಿಗ್ಗೆಯೇ ಬೇಯಿಸಿ ರಾಶಿ ಹಾಕಿದ್ರೆ ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ಹಳಸೋ ಭಯ. ಹಾಗಾಗಿ ಪಂಕ್ತಿ ನೋಡಿಕೊಂಡು ಒಂದೊಂದೇ ಚೀಲ ಬಿಚ್ಚಿದ್ವಿ. ದೊಡ್ಡ ಪಾತ್ರೆಯಲ್ಲಿ ಅನ್ನ ಆಗೋಕೆ ಮುಕ್ಕಾಲು ಗಂಟೆ ಬೇಕು, ಅದಕ್ಕೆ ಅನ್ನ ಮುಗಿಯೋದನ್ನ ಕಾಯದೆ ಉಳಿದ ತಟ್ಟೆಯ ಕಟ್ಟು ಎಣಿಸಬೇಕು. 200 ತಟ್ಟೆ ಉಳಿದಾಗ ಬಾಗಿಲಲ್ಲಿ ಸಾಲು ಇನ್ನೂ ಉದ್ದ ಇದ್ರೆ ಐದನೇ ಚೀಲ ಬಿಚ್ಚು ಅಂತ ಅರ್ಥ.

ಈ ಸಲ ಐದನೇ ಚೀಲದಲ್ಲಿ ಅರ್ಧ ಬಿಚ್ಚಿದ್ವಿ, ಅರ್ಧ ಅಮಾವಾಸ್ಯೆಗೆ ಹೋಯ್ತು. ಬದನೆಕಾಯಿ ಪಲ್ಯ ಮಾತ್ರ ಸ್ವಲ್ಪ ಕಡಿಮೆ ಬಿತ್ತು. ಮುಂದಿನ ಪತ್ರದಲ್ಲಿ 75ರ ಜಾಗದಲ್ಲಿ 85 ಅಂತ ಈಗಲೇ ತಿದ್ದಿ ಇಟ್ಟಿದ್ದೀನಿ. ಜಾತ್ರೆ ಮುಗಿದ ಮಾರನೇ ದಿನ ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಉಳಿದದ್ದೆಷ್ಟು ಅಂತ ದಾನಿಗಳಿಗೆಲ್ಲ ಇನ್ನೊಂದು ಪತ್ರ ಹೋಯ್ತು.

ಕೊನೇ ಪಂಕ್ತಿಗೆ ನಾನೂ ಕೂತಿದ್ದೆ. ಪಕ್ಕದಲ್ಲಿ ಪಾತ್ರೆ ತೊಳೆಯೋ ಅಕ್ಕ. ಸಾಂಬಾರು ಬಡಿಸಿದಾಗ ಅವರು ಬೆರಳಲ್ಲಿ ಅನ್ನ ಸರಿಸಿ ನೋಡಿ, "ಈ ಸಲ ಬೇಳೆ ಐತೆ ಕಣಪ್ಪ" ಅಂದ್ರು.