ಏಪ್ರಿಲ್ ಒಂದರಂದು ತಿರುಗಬೇಕಾದ ಲೆಕ್ಕ

"ಇನ್ಶೂರೆನ್ಸ್ ಅಕ್ಟೋಬರ್‌ನಿಂದ ಓಡ್ತಾ ಇದೆ. ಆರು ತಿಂಗಳಾಯ್ತು. ಖರ್ಚು ನೋಡಿದ್ರೆ ಒಂದೇ ತಿಂಗಳದ್ದು ಇದೆಯಲ್ಲಮ್ಮ?"

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ನಾನು ಸೇರಿದ ಮೊದಲ ವರ್ಷ ಆಡಿಟರ್ ಕೇಳಿದ ಪ್ರಶ್ನೆ ಇದು. ನನಗೆ ನಂಬಲಾಗಲಿಲ್ಲ. ಪ್ರತಿ ತಿಂಗಳ ಕೊನೆಯ ದಿನ ಎಂಟ್ರಿ ಬಿದ್ದದ್ದನ್ನು ನಾನೇ ನೋಡಿದ್ದೆ. ಮರುದಿನ, ಅಂದರೆ ಒಂದನೇ ತಾರೀಕು, ಅದೇ ಎಂಟ್ರಿ ತಿರುಗಿ ಹೋಗಿದ್ದನ್ನು ಮಾತ್ರ ನೋಡಿರಲಿಲ್ಲ. ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ. ನಾವು ಹೇಳಿದ್ದನ್ನೇ ಮಾಡಿತ್ತು.

ಆ ತಪ್ಪು ಅರ್ಥವಾಗಬೇಕಾದರೆ ಎರಡು ಖರ್ಚುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದರಲ್ಲಿ ಹಣ ಮೊದಲು ಹೋಗುತ್ತದೆ, ಖರ್ಚು ಆಮೇಲೆ ಬರುತ್ತದೆ. ಇನ್ನೊಂದರಲ್ಲಿ ಖರ್ಚು ಮೊದಲೇ ಆಗಿಹೋಗಿರುತ್ತದೆ, ಬಿಲ್ ಆಮೇಲೆ ಬರುತ್ತದೆ. ಮೊದಲನೆಯದು ಪ್ರೀಪೇಯ್ಡ್, ಎರಡನೆಯದನ್ನು ನಮ್ಮ ಆಫೀಸುಗಳಲ್ಲಿ ಪ್ರೊವಿಷನ್ ಎನ್ನುತ್ತಾರೆ. ಎರಡೂ ಬೀಳುವುದು ತಿಂಗಳ ಕೊನೆಗೇ, ಎರಡೂ ಜರ್ನಲ್ ಎಂಟ್ರಿಗಳೇ. ಹಾಗಾಗಿ ಹೊಸಬರಿಗೆ ಒಂದೇ ಥರ ಕಾಣುತ್ತವೆ.

ಮೊದಲು ಪ್ರೀಪೇಯ್ಡ್ ನೋಡೋಣ. ಕಾರ್ಖಾನೆಯ ಬೆಂಕಿ ವಿಮೆಯ ಪ್ರೀಮಿಯಂ 1,44,000 ರೂಪಾಯಿ ಎಂದುಕೊಳ್ಳಿ. ಪಾಲಿಸಿ 2024ರ ಅಕ್ಟೋಬರ್ 1ರಿಂದ 2025ರ ಸೆಪ್ಟೆಂಬರ್ 30ರವರೆಗೆ. ಪ್ರೀಮಿಯಂ ಮೇಲಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಾದರೆ ಅದು ಬೇರೆ ಖಾತೆಗೆ ಹೋಗುತ್ತದೆ, ಈ ಲೆಕ್ಕಕ್ಕೆ ಸೇರುವುದಿಲ್ಲ. ಹಣವೇನೋ ಅಕ್ಟೋಬರ್‌ನಲ್ಲಿ ಒಟ್ಟಿಗೆ ಹೋಯಿತು. ಆದರೆ ಅಷ್ಟನ್ನೂ ಅಕ್ಟೋಬರ್ ತಿಂಗಳ ಖರ್ಚು ಎಂದು ಬರೆದರೆ ಆ ತಿಂಗಳು ಸುಮ್ಮನೆ ನಷ್ಟ ಕಾಣುತ್ತದೆ, ಉಳಿದ ಹನ್ನೊಂದು ತಿಂಗಳು ವಿಮೆ ಪುಕ್ಕಟೆ ಸಿಕ್ಕಂತೆ ಕಾಣುತ್ತದೆ. ಅದಕ್ಕೇ ಪೂರ್ತಿ ಮೊತ್ತವನ್ನು ಪ್ರೀಪೇಯ್ಡ್ ಇನ್ಶೂರೆನ್ಸ್ ಎಂಬ ಆಸ್ತಿ ಖಾತೆಯಲ್ಲಿ ಇಡುತ್ತೇವೆ. ಆಮೇಲೆ ಪ್ರತಿ ತಿಂಗಳ ಕೊನೆಗೆ 12,000 ರೂಪಾಯಿಯನ್ನು ಅಲ್ಲಿಂದ ತೆಗೆದು ಖರ್ಚಿಗೆ ಹಾಕುತ್ತೇವೆ: ಇನ್ಶೂರೆನ್ಸ್ ಖರ್ಚಿಗೆ ಡೆಬಿಟ್, ಪ್ರೀಪೇಯ್ಡ್‌ಗೆ ಕ್ರೆಡಿಟ್.

ಇದೇ ಎಂಟ್ರಿ ಹನ್ನೆರಡು ಸಲ, ಒಂದಕ್ಷರವೂ ಬದಲಾಗದೆ ಬೀಳಬೇಕು. ಇಂಥ ಕೆಲಸಕ್ಕೆಂದೇ ಇಆರ್‌ಪಿ ತಂತ್ರಾಂಶಗಳಲ್ಲಿ ರಿಕರಿಂಗ್ ಟೆಂಪ್ಲೇಟ್ ಇರುತ್ತದೆ. ಖಾತೆಗಳು, ಮೊತ್ತ, ಮೊದಲ ದಿನಾಂಕ, ಕೊನೆಯ ದಿನಾಂಕ, ಎಷ್ಟು ತಿಂಗಳಿಗೊಮ್ಮೆ ಎಂಬುದನ್ನು ಒಮ್ಮೆ ತುಂಬಿಟ್ಟರೆ ಆಯಿತು. ಇದರಲ್ಲಿ ಕೊನೆಯ ದಿನಾಂಕ ಮುಖ್ಯ. ಅದನ್ನು ಖಾಲಿ ಬಿಟ್ಟರೆ ಹದಿಮೂರನೇ ತಿಂಗಳೂ 12,000 ಹೋಗಿ, ಆಸ್ತಿ ಖಾತೆ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಪಾಲಿಸಿ ತಿಂಗಳ ನಡುವೆ ಶುರುವಾದರೆ ಟೆಂಪ್ಲೇಟ್ ಒಂದೇ ಸಾಲದು. ಅದಕ್ಕೆ ಗೊತ್ತಿರುವುದು ಒಂದೇ ಮೊತ್ತ. ಅಕ್ಟೋಬರ್ 16ಕ್ಕೆ ಶುರುವಾಗುವ ಪಾಲಿಸಿಯಾದರೆ ಮೊದಲ ಅರ್ಧ ತಿಂಗಳನ್ನು ಕೈಯಲ್ಲೇ ಹಾಕಿ, ನಡುವಿನ ಹನ್ನೊಂದು ತಿಂಗಳನ್ನು ಟೆಂಪ್ಲೇಟಿಗೆ ಬಿಟ್ಟು, ಕೊನೆಗೆ ಉಳಿದದ್ದನ್ನು ಮತ್ತೆ ಕೈಯಲ್ಲೇ ತೀರಿಸುವುದು ರೂಢಿ. ಭಾಗಿಸಿದಾಗ ಉಳಿಯುವ ಪೈಸೆಗಳೂ ಈ ಕೊನೆಯ ಎಂಟ್ರಿಯಲ್ಲೇ ತೀರುತ್ತವೆ.

ಈಗ ಪ್ರೊವಿಷನ್. ಮಾರ್ಚ್ ತಿಂಗಳಿಡೀ ಯಂತ್ರಗಳು ಓಡಿವೆ, ಕರೆಂಟ್ ಉರಿದಿದೆ. ಬೆಸ್ಕಾಂ ಬಿಲ್ ಕೈಗೆ ಬರುವುದು ಏಪ್ರಿಲ್‌ನಲ್ಲಿ. ಬಿಲ್ ಬಂದಿಲ್ಲವೆಂದು ಮಾರ್ಚ್‌ನ ಕರೆಂಟ್ ಖರ್ಚನ್ನು ಬಿಟ್ಟುಬಿಟ್ಟರೆ ಆ ವರ್ಷದ ಲಾಭ ಅಷ್ಟರಮಟ್ಟಿಗೆ ಸುಳ್ಳಾಗುತ್ತದೆ. ಹಾಗಾಗಿ ಮಾರ್ಚ್ 31ರಂದು ಮೀಟರ್ ರೀಡಿಂಗ್ ತೆಗೆದು, ಹಿಂದಿನ ಬಿಲ್‌ನ ದರ ನೋಡಿ ಅಂದಾಜು ಮಾಡುತ್ತೇವೆ. ನಮ್ಮ ಅಂದಾಜು 85,000 ರೂಪಾಯಿ ಎಂದಿರಲಿ. ಕರೆಂಟ್ ಖರ್ಚಿಗೆ ಡೆಬಿಟ್, ಪ್ರೊವಿಷನ್ ಎಂಬ ಹೊಣೆ ಖಾತೆಗೆ ಕ್ರೆಡಿಟ್.

ಏಪ್ರಿಲ್ 1ರಂದು ಇದೇ ಎಂಟ್ರಿಯನ್ನು ಪೂರ್ತಿ ತಿರುಗಿಸುತ್ತೇವೆ: ಪ್ರೊವಿಷನ್‌ಗೆ ಡೆಬಿಟ್, ಕರೆಂಟ್ ಖರ್ಚಿಗೆ ಕ್ರೆಡಿಟ್. ಆ ಬೆಳಿಗ್ಗೆ ಲೆಡ್ಜರ್ ತೆರೆದರೆ ಕರೆಂಟ್ ಖರ್ಚು ಮೈನಸ್ 85,000 ಎಂದಿರುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಹೊಸ ವರ್ಷದ ಮೊದಲ ದಿನವೇ ಖರ್ಚು ಸೊನ್ನೆಗಿಂತ ಕಡಿಮೆ ಹೇಗಾಗುತ್ತದೆ?

ಅದು ಬರಲಿರುವ ಬಿಲ್‌ಗಾಗಿ ಕಾದಿಟ್ಟ ಜಾಗ. ಏಪ್ರಿಲ್ 6ರಂದು 88,400 ರೂಪಾಯಿಯ ಬಿಲ್ ಬಂತು ಎನ್ನಿ. ಬಿಲ್ ಎಂಟ್ರಿ ಹಾಕುವ ಹುಡುಗನಿಗೆ ಮಾರ್ಚ್‌ನಲ್ಲಿ ಪ್ರೊವಿಷನ್ ಆಗಿದೆಯೋ ಇಲ್ಲವೋ, ಆಗಿದ್ದರೆ ಎಷ್ಟಾಗಿದೆ ಎಂಬುದು ಗೊತ್ತಿರಬೇಕಿಲ್ಲ. ಅವನು ಎಂದಿನಂತೆ ಪೂರ್ತಿ ಮೊತ್ತವನ್ನು ಕರೆಂಟ್ ಖರ್ಚಿಗೆ ಹಾಕುತ್ತಾನೆ. ಆಗಲೇ ಮೈನಸ್ 85,000 ಇದ್ದ ಖಾತೆಯಲ್ಲಿ ಉಳಿಯುವುದು 3,400. ಮಾರ್ಚ್‌ನ ಖರ್ಚು ಮಾರ್ಚ್‌ನಲ್ಲೇ ಉಳಿಯಿತು, ಅಂದಾಜಿನಲ್ಲಿ ತಪ್ಪಿದ ಅಷ್ಟು ಮಾತ್ರ ಏಪ್ರಿಲ್‌ಗೆ ಬಂತು. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಮಾಡಿದ ಕೆಲಸ ತಾನಾಗಿ ಹೊಂದಿಕೊಂಡಿತು. ರಿವರ್ಸಲ್ ಇರುವುದೇ ಇದಕ್ಕೆ.

ನಮ್ಮ ಕಾರ್ಖಾನೆಯಲ್ಲಿ ಆದ ತಪ್ಪು ಈಗ ಸ್ಪಷ್ಟವಾಗುತ್ತದೆ. ಪ್ರೊವಿಷನ್ ಟೆಂಪ್ಲೇಟನ್ನೇ ಕಾಪಿ ಮಾಡಿ ಇನ್ಶೂರೆನ್ಸ್ ಟೆಂಪ್ಲೇಟ್ ತಯಾರಿಸಿದ್ದೆವು. ಖಾತೆ, ಮೊತ್ತ ಬದಲಿಸಿದೆವು, ರಿವರ್ಸಲ್ ಗುರುತು ಹಾಗೇ ಉಳಿಯಿತು. ಅಕ್ಟೋಬರ್ 31ರಂದು ಖರ್ಚಿಗೆ ಹೋದ 12,000 ನವೆಂಬರ್ 1ರಂದು ವಾಪಸ್ ಬಂತು. ನವೆಂಬರ್ 30ರಂದು ಮತ್ತೆ ಹೋಯಿತು, ಡಿಸೆಂಬರ್ 1ರಂದು ಮತ್ತೆ ಬಂತು. ಪ್ರೀಮಿಯಂ ವಿಷಯದಲ್ಲಿ ಮುಂದೆ ಯಾವ ಬಿಲ್ಲೂ ಬರುವುದಿಲ್ಲ, ಹಾಗಾಗಿ ತಿರುಗಿಸಿದ್ದನ್ನು ತುಂಬುವವರು ಯಾರೂ ಇಲ್ಲ. ಮೇಲಿನ ಲೆಕ್ಕವನ್ನೇ ಇಟ್ಟುಕೊಂಡರೆ, ಮಾರ್ಚ್ 31ಕ್ಕೆ ಎಂಟ್ರಿ ಆರು ಸಲ ಬಿದ್ದು ಐದು ಸಲ ತಿರುಗಿರುತ್ತದೆ. ಖರ್ಚು 72,000 ಇರಬೇಕಾದ ಕಡೆ 12,000 ಇರುತ್ತದೆ, ಪ್ರೀಪೇಯ್ಡ್ ಖಾತೆಯಲ್ಲಿ 72,000ದ ಬದಲು 1,32,000 ಕೂತಿರುತ್ತದೆ. ಲಾಭ 60,000 ಹೆಚ್ಚು ಕಾಣುತ್ತದೆ. ಬಿಲ್ ಬರಲಿದ್ದರೆ ತಿರುಗಿಸು, ಹಣ ಆಗಲೇ ಕೊಟ್ಟಾಗಿದ್ದರೆ ತಿರುಗಿಸಬೇಡ. ಅಂದು ಕಲಿತ ಈ ಒಂದು ಸಾಲನ್ನು ಇಂದಿಗೂ ಹೊಸಬರಿಗೆ ಮೊದಲು ಹೇಳುತ್ತೇನೆ.

ಇನ್ನು ಯಂತ್ರದ ಕಡೆಗೆ ಬರೋಣ. ಟೆಂಪ್ಲೇಟ್ ಮಾಡಿಟ್ಟರೆ ಎಲ್ಲವೂ ತಾನಾಗಿ ನಡೆಯುತ್ತದೆ ಎಂದು ಬಹಳ ಜನ ನಂಬಿರುತ್ತಾರೆ. ಎಸ್ಎಪಿಯಲ್ಲಿ FBD1 ಮೂಲಕ ರಿಕರಿಂಗ್ ಡಾಕ್ಯುಮೆಂಟ್ ತಯಾರಿಸಿದರೆ ಲೆಡ್ಜರ್‌ನಲ್ಲಿ ಏನೂ ಬೀಳುವುದಿಲ್ಲ. ಅದು ಬರೀ ಅಚ್ಚು. ಪ್ರತಿ ತಿಂಗಳೂ F.14 ಓಡಿಸಬೇಕು, ಅದು ಒಂದು ಸೆಷನ್ ತಯಾರಿಸುತ್ತದೆ. ಆ ಸೆಷನ್ನನ್ನು SM35ರಲ್ಲಿ ನಡೆಸಿದ ಮೇಲೆಯೇ ಎಂಟ್ರಿ ಬೀಳುವುದು. ಪ್ರೊವಿಷನ್ನನ್ನು FBS1ರಲ್ಲಿ ರಿವರ್ಸಲ್ ಕಾರಣ, ರಿವರ್ಸಲ್ ದಿನಾಂಕ ಎರಡನ್ನೂ ಕೊಟ್ಟು ಹಾಕುತ್ತಾರೆ. ಆದರೂ F.81 ಓಡಿಸುವವರೆಗೆ ಅದು ತಿರುಗುವುದಿಲ್ಲ. ನಿಗದಿತ ದಿನ ತಾನಾಗಿ ಓಡುವಂತೆ ಜಾಬ್ ಹಾಕಿಟ್ಟಿದ್ದರೂ, ಏಪ್ರಿಲ್ ಅವಧಿಯನ್ನು ಪೋಸ್ಟಿಂಗ್‌ಗೆ ತೆರೆದಿರದಿದ್ದರೆ ಅದು ಅಲ್ಲೇ ನಿಲ್ಲುತ್ತದೆ.

ಇಆರ್‌ಪಿನೆಕ್ಸ್ಟ್‌ನಲ್ಲಿ Auto Repeat ಎಂಬ ಸೌಲಭ್ಯ ಇದೇ ಕೆಲಸ ಮಾಡುತ್ತದೆ. ಅಲ್ಲಿ Submit on Creation ಎಂಬಲ್ಲಿ ಟಿಕ್ ಹಾಕದಿದ್ದರೆ ಪ್ರತಿ ತಿಂಗಳೂ ಡ್ರಾಫ್ಟ್ ಮಾತ್ರ ತಯಾರಾಗುತ್ತದೆ, ಯಾರಾದರೂ ಸಬ್ಮಿಟ್ ಮಾಡುವವರೆಗೆ ಲೆಡ್ಜರ್‌ಗೆ ಸೇರುವುದಿಲ್ಲ. ನಮ್ಮಲ್ಲಿ ಮನೆಮಾತಾಗಿರುವ ಟ್ಯಾಲಿಯಲ್ಲಿ Reversing Journal ಎಂಬ ವೋಚರ್ ಇದೆ. ಹೆಸರು ನೋಡಿ ಮೋಸಹೋಗಬಾರದು. ಅದು ನಿಜವಾದ ಪುಸ್ತಕಕ್ಕೆ ಹೋಗುವುದೇ ಇಲ್ಲ. ಸಿನಾರಿಯೋ ಹಾಕಿ ನೋಡುವ ವರದಿಗಳಲ್ಲಿ ಮಾತ್ರ, ಕೊಟ್ಟ ದಿನಾಂಕದವರೆಗೆ ಕಾಣುತ್ತದೆ. ವರ್ಷಾಂತ್ಯದ ಪ್ರೊವಿಷನ್ನನ್ನು ಅದರಲ್ಲಿ ಹಾಕಿದರೆ ಬ್ಯಾಲೆನ್ಸ್ ಶೀಟ್‌ನಲ್ಲಿ ಹುಡುಕಿದರೂ ಸಿಗದು.

ರಿವರ್ಸಲ್ ಸರಿಯಾಗಿ ಆದರೂ ಲೆಕ್ಕ ತಪ್ಪುವ ಒಂದು ಸಂದರ್ಭವಿದೆ. ಏಪ್ರಿಲ್ ಮುಗಿದರೂ ಮಾರ್ಚ್‌ನ ಬಿಲ್ ಬರಲಿಲ್ಲ ಎನ್ನಿ. ಕರೆಂಟ್ ಬಿಲ್ ಇಷ್ಟು ತಡವಾಗುವುದು ಅಪರೂಪ, ಆದರೆ ಕಂತ್ರಾಟುದಾರರ ಬಿಲ್, ಆಡಿಟ್ ಫೀ ಇವೆಲ್ಲ ತಿಂಗಳುಗಟ್ಟಲೆ ತಡವಾಗುತ್ತವೆ. ತಿರುಗಿಸಿದ 85,000 ಹಾಗೇ ಮೈನಸ್ ಆಗಿ ಉಳಿದು ಏಪ್ರಿಲ್‌ನ ಲಾಭವನ್ನು ಉಬ್ಬಿಸುತ್ತದೆ. ಇಂಥಲ್ಲಿ ಏಪ್ರಿಲ್ 30ರಂದು ಮಾರ್ಚ್‌ನದ್ದು, ಏಪ್ರಿಲ್‌ನದ್ದು ಎರಡನ್ನೂ ಸೇರಿಸಿ ಪ್ರೊವಿಷನ್ ಮಾಡಬೇಕು, ಮೇ 1ರಂದು ಎರಡನ್ನೂ ತಿರುಗಿಸಬೇಕು. ಬಿಲ್ ಬರುವವರೆಗೂ ಹೀಗೇ. ಹಳೆಯ 85,000ವನ್ನೇ ಪ್ರತಿ ತಿಂಗಳು ಹಾಕುವ ಟೆಂಪ್ಲೇಟಿಗೆ ಈ ವಿವೇಚನೆ ಇರುವುದಿಲ್ಲ. ಆದ್ದರಿಂದ ಪ್ರೊವಿಷನ್ ಟೆಂಪ್ಲೇಟಿನಲ್ಲಿ ಖಾತೆ ಮತ್ತು ವಿವರಣೆ ಮಾತ್ರ ಸ್ಥಿರವಾಗಿರಲಿ, ಮೊತ್ತವನ್ನು ಪ್ರತಿ ತಿಂಗಳೂ ಮನುಷ್ಯರೇ ತುಂಬಲಿ.

ಪ್ರೊವಿಷನ್ ಎಂಬ ಹೆಸರಿದ್ದದ್ದೆಲ್ಲ ತಿರುಗಬೇಕಾದದ್ದೂ ಅಲ್ಲ. ಗ್ರಾಚ್ಯುಟಿ, ಮಾರಿದ ಯಂತ್ರಗಳ ವಾರಂಟಿ, ಕೋರ್ಟಿನಲ್ಲಿರುವ ಪರಿಹಾರದ ಮೊಕದ್ದಮೆ, ಇವಕ್ಕೆ ಇಟ್ಟ ಮೊತ್ತ ವರ್ಷಗಟ್ಟಲೆ ನಿಲ್ಲುವ ಹೊಣೆ. ಮುಂದಿನ ವಾರ ಬಿಲ್ ಬಂದು ಇವನ್ನು ತೀರಿಸುವುದಿಲ್ಲ. ಅಂದಾಜು ಬದಲಾದಾಗ ಹೆಚ್ಚುಕಡಿಮೆ ಮಾಡುತ್ತೇವೆ, ಒಂದನೇ ತಾರೀಕು ಅಳಿಸಿಹಾಕುವುದಿಲ್ಲ.

ಇಷ್ಟೆಲ್ಲದರಲ್ಲಿ ತಪ್ಪಾಗಿದೆಯೇ ಎಂದು ತಿಳಿಯಲು ದೊಡ್ಡ ವರದಿ ಬೇಕಿಲ್ಲ. ತಿಂಗಳ ಕೊನೆಗೆ ಪ್ರೀಪೇಯ್ಡ್ ಖಾತೆಯ ಬಾಕಿಯನ್ನು ತಿಂಗಳ ಕಂತಿನಿಂದ ಭಾಗಿಸಿ. ಮಾರ್ಚ್ 31ಕ್ಕೆ 72,000ವನ್ನು 12,000ದಿಂದ ಭಾಗಿಸಿದರೆ ಆರು ಬರಬೇಕು, ಪಾಲಿಸಿಯಲ್ಲಿ ಉಳಿದಿರುವುದೂ ಆರೇ ತಿಂಗಳು. ನಮ್ಮ ತಪ್ಪಿನ 1,32,000ವನ್ನು ಭಾಗಿಸಿದ್ದರೆ ಹನ್ನೊಂದು ಬರುತ್ತಿತ್ತು, ಅಲ್ಲೇ ಸಿಕ್ಕಿಬೀಳುತ್ತಿತ್ತು. ಪ್ರೊವಿಷನ್ ಖಾತೆಯನ್ನು ಒಂದನೇ ತಾರೀಕಿನ ರಿವರ್ಸಲ್ ಆದ ಮೇಲೆ ನೋಡಿ. ತಿರುಗಬೇಕಾದದ್ದೆಲ್ಲ ತಿರುಗಿದ್ದರೆ ಅಲ್ಲಿ ಸೊನ್ನೆ ಇರುತ್ತದೆ. ಹಣ ಉಳಿದಿದ್ದರೆ ಯಾವುದೋ ಎಂಟ್ರಿ ತಿರುಗಿಲ್ಲ, ಆ ಖರ್ಚು ಬಿಲ್ ಬಂದಾಗ ಎರಡನೇ ಸಲ ಬೀಳುತ್ತದೆ. ಖಾತೆ ಡೆಬಿಟ್ ಕಡೆಗೆ ವಾಲಿದ್ದರೆ, ತಿರುಗಿಸಿದ ಮೇಲೂ ಯಾರೋ ಬಿಲ್ಲನ್ನು ಖರ್ಚಿನ ಬದಲು ಪ್ರೊವಿಷನ್‌ಗೇ ಹಾಕಿದ್ದಾರೆ.

ಆಡಿಟರ್ ಪ್ರಶ್ನೆ ಕೇಳಿದ ಆ ಸಂಜೆ ನಾವು ಮಾಡಿದ ತಿದ್ದುಪಡಿ ಒಂದೇ ಒಂದು ಎಂಟ್ರಿ: ಇನ್ಶೂರೆನ್ಸ್ ಖರ್ಚಿಗೆ ಐದು ತಿಂಗಳ ಕಂತು ಡೆಬಿಟ್, ಪ್ರೀಪೇಯ್ಡ್‌ಗೆ ಕ್ರೆಡಿಟ್. ಆಮೇಲೆ ಟೆಂಪ್ಲೇಟ್ ತೆರೆದು ರಿವರ್ಸಲ್ ಗುರುತು ತೆಗೆದೆವು. ಮಾರ್ಚ್ ತಿಂಗಳ ಎಂಟ್ರಿ ಇನ್ನೂ ತಿರುಗಲು ಕಾದು ಕೂತಿತ್ತು, ಅದನ್ನೂ ನೆನಪಿನಿಂದ ರದ್ದು ಮಾಡಿದೆವು. ಮಾಡದಿದ್ದರೆ ಏಪ್ರಿಲ್ ಒಂದರ ಬೆಳಿಗ್ಗೆ ಅದು ಮತ್ತೆ ವಾಪಸ್ ಬರುತ್ತಿತ್ತು.