ಕೀಲಿ ಕೊಟ್ಟ ದಿನವೇ ಚೀಟಿ ಬರೆಸಿಕೊಳ್ಳಿ

ಹಾಸ್ಟೆಲ್ ಬಿಟ್ಟ ಮೇಲೆ ಠೇವಣಿ ಬಾರದೆ ಅಲೆಯುವ ಹುಡುಗರನ್ನು ಕೇಳಿ ನೋಡಿ: ಬಹುತೇಕರು ಕೀಲಿಯನ್ನು ವಾಚ್‌ಮನ್ ಕೈಗಿತ್ತು ಬಸ್ ಹತ್ತಿದವರೇ. ಕೊಠಡಿ ತೆರವಾದದ್ದಕ್ಕೆ ಅವರ ಬಳಿ ಸಾಕ್ಷಿಯೇ ಇಲ್ಲ.

ಹೊರಡುವ ಮುನ್ನ ವಾರ್ಡನ್ನರನ್ನು ಕೊಠಡಿಗೇ ಕರೆದು ಮಂಚ, ಮೇಜು, ಫ್ಯಾನು ತೋರಿಸಿ, ತೆರವು ಚೀಟಿಗೆ ಸಹಿ, ಮೊಹರು ಹಾಕಿಸಿ. ಅದರಲ್ಲಿ ಕೀಲಿ ಮರಳಿಸಿದ ದಿನಾಂಕ ಇರಲೇಬೇಕು. ಇಲ್ಲದಿದ್ದರೆ ಮೆಸ್ ಲೆಕ್ಕ ಎಲ್ಲಿಗೆ ನಿಲ್ಲಬೇಕೆಂಬುದೇ ತಕರಾರಾಗುತ್ತದೆ. ಖಾಲಿ ಕೊಠಡಿಯ ನಾಲ್ಕು ಫೋಟೊ ತೆಗೆದಿಟ್ಟುಕೊಂಡರೆ, ಆಮೇಲೆ ಬಂದವರು ಒಡೆದ ಕಿಟಕಿ ನಿಮ್ಮ ತಲೆಗೆ ಬರುವುದಿಲ್ಲ.

ಅರ್ಜಿ ಅರ್ಧ ಪುಟ ಸಾಕು. ಉದಾಹರಣೆಗೆ: ‘ಕೊಠಡಿ 214ನ್ನು ಮೇ 31ರಂದು ತೆರವು ಮಾಡಿದ್ದೇನೆ. ಠೇವಣಿ 10,000 ರೂಪಾಯಿಯಲ್ಲಿ ಮೆಸ್ ಬಾಕಿ 1,450 ಕಳೆದು 8,550 ರೂಪಾಯಿಯನ್ನು ಖಾತೆಗೆ ಜಮಾ ಮಾಡಬೇಕಾಗಿ ಕೋರಿಕೆ.’ ಇದಕ್ಕೆ ತೆರವು ಚೀಟಿ, ಠೇವಣಿ ರಸೀದಿ, ಪಾಸ್‌ಬುಕ್ ಮೊದಲ ಪುಟದ ನಕಲು ಲಗತ್ತಿಸಿ. ಮೂಲ ಚೀಟಿಯನ್ನೇ ಕೇಳಿದರೆ ಕೊಡಿ, ಜೆರಾಕ್ಸ್ ಇಟ್ಟುಕೊಂಡು. ಪಾಸ್‌ಬುಕ್ ಹಳೆಯದಾದರೆ ಜೋಕೆ: ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಅದರ ಹಳೆಯ ಐಎಫ್‌ಎಸ್‌ಸಿ ಕೊಟ್ಟರೆ ಹಣ ಜಮಾ ಆಗುವುದಿಲ್ಲ.

ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಒತ್ತಿಸಿಕೊಂಡೇ ಮೆಟ್ಟಿಲಿಳಿಯಿರಿ.